ಅವಧಿ ಮುಗಿದ ಡಿಎಸ್‌ಸಿ, ಬಾಗಿಲಲ್ಲಿ ನಿಂತ ಆಡಿಟ್ ವರದಿ: ಒಂದು ಪ್ರಕರಣ ಅಧ್ಯಯನ

ಇದು 2024ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ನಡೆದದ್ದು. ಕಂಪನಿ ಮತ್ತು ಆಡಿಟ್ ಸಂಸ್ಥೆಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ದಿನಾಂಕಗಳನ್ನು ಮಾತ್ರ ಮುಟ್ಟಿಲ್ಲ, ಏಕೆಂದರೆ ಈ ಪ್ರಕರಣದಲ್ಲಿ ಎಲ್ಲ ತೀರ್ಮಾನಗಳೂ ದಿನಾಂಕದ ಸುತ್ತಲೇ ತಿರುಗಿದವು.

ಹಿನ್ನೆಲೆ

ಯಂತ್ರದ ಬಿಡಿಭಾಗ ತಯಾರಿಸುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ. ಆ ವರ್ಷದ ವಹಿವಾಟು ಸುಮಾರು 18 ಕೋಟಿ ರೂಪಾಯಿ. ಹಾಗಾಗಿ ಕಂಪನಿ ಕಾಯ್ದೆಯ ಆಡಿಟ್ ಅಲ್ಲದೆ ಆಗ ಚಾಲ್ತಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 44ಎಬಿ ಕಲಮಿನ ತೆರಿಗೆ ಆಡಿಟ್ ಕೂಡ ಆಗಬೇಕಿತ್ತು. ಅದರ ವರದಿಯನ್ನು 3ಸಿಎ–3ಸಿಡಿ ನಮೂನೆಯಲ್ಲಿ ತೆರಿಗೆ ಇಲಾಖೆಯ ಪೋರ್ಟಲ್‌ಗೆ ಏರಿಸಲು ಸೆಪ್ಟೆಂಬರ್ 30 ಕೊನೆಯ ದಿನ. ಆ ವರ್ಷ ಅದು ಸೋಮವಾರ. ನಾನು ಕಂಪನಿಯ ತೆರಿಗೆ ಸಲಹೆಗಾರ. ಆಡಿಟರ್ ಬೇರೆಯವರು, ಇಬ್ಬರು ಪಾರ್ಟ್ನರ್‌ಗಳಿರುವ ಸಣ್ಣ ಸಂಸ್ಥೆ.

ಮುಂದಿನದು ಅರ್ಥವಾಗಬೇಕಾದರೆ ಈ ವರದಿ ಪೋರ್ಟಲ್‌ನಲ್ಲಿ ಸಾಗುವ ದಾರಿ ಗೊತ್ತಿರಬೇಕು. ಕಂಪನಿ ತನ್ನ ಖಾತೆಯಿಂದ ಒಬ್ಬ ನಿರ್ದಿಷ್ಟ ಲೆಕ್ಕಪರಿಶೋಧಕರನ್ನು, ಅವರ ಸದಸ್ಯತ್ವ ಸಂಖ್ಯೆ ಕೊಟ್ಟು, ಈ ನಮೂನೆಗೆ ನೇಮಿಸುತ್ತದೆ. ಅವರು ತಮ್ಮ ಖಾತೆಗೆ ಹೋಗಿ, ಆಫ್‌ಲೈನ್ ತಂತ್ರಾಂಶದಲ್ಲಿ ತಯಾರಿಸಿದ ಜೇಸನ್ ಕಡತವನ್ನೂ ಸಹಿಯಾದ ಹಣಕಾಸು ಪಟ್ಟಿಗಳ ಪಿಡಿಎಫ್‌ಗಳನ್ನೂ ಏರಿಸಿ, ತಮ್ಮ ಡಿಜಿಟಲ್ ಸಹಿ ಹಾಕುತ್ತಾರೆ. ಅಲ್ಲಿಗೆ ಅರ್ಧ ಕೆಲಸವಷ್ಟೇ ಆಯಿತು. ನಮೂನೆ ಕಂಪನಿಯ Worklist ಗೆ ಬಂದು ಕೂರುತ್ತದೆ. ಕಂಪನಿಯ ಪರವಾಗಿ ಅಧಿಕಾರ ಇರುವವರು ಅದನ್ನು ಒಪ್ಪಿಕೊಂಡು ತಮ್ಮ ಡಿಜಿಟಲ್ ಸಹಿ ಹಾಕಿದ ಮೇಲೆ ಮಾತ್ರ ಸಲ್ಲಿಕೆ ಪೂರ್ಣ. ಹೀಗೆ ಒಂದೇ ವರದಿಗೆ ಇಬ್ಬರ ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿಯ ಪ್ರಮಾಣಪತ್ರ, ಬೇಕು. ಎರಡೂ ಚಾಲ್ತಿಯಲ್ಲಿರಬೇಕು. ವೈಯಕ್ತಿಕ ತೆರಿಗೆದಾರರಿಗೆ ಆಧಾರ್ ಒಟಿಪಿಯ ಸುಲಭ ದಾರಿ ಇದೆ. ಕಂಪನಿಗೆ ಅದಿಲ್ಲ.

ತೊಂದರೆ ಕಂಡ ದಿನ

ಶುಕ್ರವಾರ, ಸೆಪ್ಟೆಂಬರ್ 27. ವರದಿಗೆ ಹಿರಿಯ ಪಾರ್ಟ್ನರ್ 25ರಂದೇ ಸಹಿ ಹಾಕಿ, ಲೆಕ್ಕಪರಿಶೋಧಕರು ತಾವು ಸಹಿ ಹಾಕಿದ ವರದಿಗೆ ಪಡೆಯುವ ಯುಡಿಐಎನ್ ಎಂಬ ಗುರುತಿನ ಸಂಖ್ಯೆಯನ್ನೂ ಪಡೆದಿದ್ದರು. ಏರಿಸುವುದೊಂದೇ ಬಾಕಿ. ಬೆಳಿಗ್ಗೆ ಆಡಿಟ್ ಕಚೇರಿಯ ಆರ್ಟಿಕಲ್ ಹುಡುಗ ಕಡತ ಏರಿಸಿ, ಡಿಎಸ್‌ಸಿ ಇರುವ ಯುಎಸ್‌ಬಿ ಟೋಕನ್ ಚುಚ್ಚಿ, ಪಟ್ಟಿಯಲ್ಲಿ ಹಿರಿಯರ ಹೆಸರು ಆರಿಸಿ, ಪಿನ್ ಕೊಟ್ಟ. ದೋಷ ಬಂತು. ಮತ್ತೆ ಮಾಡಿದ, ಮತ್ತೆ ದೋಷ.

ಅದೇ ಟೋಕನ್‌ನಿಂದ ಬುಧವಾರ ಬೇರೆ ಇಬ್ಬರು ಗ್ರಾಹಕರ ವರದಿ ಯಾವ ತಕರಾರೂ ಇಲ್ಲದೆ ಏರಿತ್ತು. ಮೊನ್ನೆ ನಡೆದದ್ದು ಇವತ್ತು ಯಾಕೆ ನಡೆಯುತ್ತಿಲ್ಲ ಎಂದರೆ ಕಂಪ್ಯೂಟರಿನದ್ದೇ ದೋಷ ಇರಬೇಕೆಂದು ಎಲ್ಲರೂ ನಂಬಿದರು. ಟೋಕನ್‌ನ ಡ್ರೈವರ್ ತೆಗೆದು ಹಾಕಿದ್ದಾಯಿತು, ಬ್ರೌಸರ್ ಬದಲಿಸಿದ್ದಾಯಿತು, ಬೇರೆ ಲ್ಯಾಪ್‌ಟಾಪ್ ತಂದದ್ದಾಯಿತು. ಸೆಪ್ಟೆಂಬರ್ ಕೊನೆಗೆ ಪೋರ್ಟಲ್ ನಿಧಾನವಾಗುವುದು ಮಾಮೂಲು, ಹಾಗಾಗಿ ಅದನ್ನೂ ದೂರಿದರು. ಮಧ್ಯಾಹ್ನದವರೆಗೆ ಹೀಗೇ ಕಳೆಯಿತು.

ಇಲ್ಲಿ ಲಕ್ಷಣ ನೋಡಿ ಕಾರಣ ಗುರುತಿಸಬಹುದಿತ್ತು. ಡ್ರೈವರ್ ಕೆಟ್ಟಿದ್ದರೆ ಪಟ್ಟಿಯಲ್ಲಿ ಹೆಸರೇ ಬರುವುದಿಲ್ಲ. ಟೋಕನ್ ಮತ್ತು ಬ್ರೌಸರ್ ನಡುವೆ ಕೆಲಸ ಮಾಡುವ ಸಣ್ಣ ತಂತ್ರಾಂಶ ಓಡುತ್ತಿಲ್ಲದಿದ್ದರೆ ಪೋರ್ಟಲ್ ಅದನ್ನು ಇಳಿಸಿಕೊಳ್ಳಿ ಎನ್ನುತ್ತದೆ, ಪಟ್ಟಿಯವರೆಗೆ ಹೋಗುವುದೇ ಇಲ್ಲ. ಹೆಸರು ಕಾಣುತ್ತಿದೆ, ಪಿನ್ ಒಪ್ಪಿಗೆಯಾಗಿದೆ, ಅದಾದ ಮೇಲೆ ನಿರಾಕರಣೆ ಬರುತ್ತಿದೆ ಎಂದರೆ ಕಂಪ್ಯೂಟರನ್ನು ಬಿಟ್ಟು ಪ್ರಮಾಣಪತ್ರವನ್ನೇ ನೋಡಬೇಕು: ಅವಧಿ ಮುಗಿದಿರಬಹುದು, ಆ ಖಾತೆಯಲ್ಲಿ ನೋಂದಣಿಯಾಗದೆ ಇರಬಹುದು, ಅಥವಾ ಅದರೊಳಗಿನ ಪ್ಯಾನ್ ಖಾತೆಯ ಪ್ಯಾನ್‌ಗೆ ಹೊಂದದಿರಬಹುದು. ಟೋಕನ್‌ನ ತಂತ್ರಾಂಶ ತೆರೆದು ಪ್ರಮಾಣಪತ್ರದ ಮೇಲೆ ಕ್ಲಿಕ್ ಮಾಡಿದರೆ ಎಂದಿನಿಂದ ಎಂದಿನವರೆಗೆ ಎಂಬುದು ಗಂಟೆ ನಿಮಿಷ ಸಮೇತ ಕಾಣುತ್ತದೆ. ಸಂಜೆ ನಾಲ್ಕಕ್ಕೆ ಕಿರಿಯ ಪಾರ್ಟ್ನರ್ ಮೇಡಂ ಅದನ್ನು ತೆರೆದು ನೋಡಿದರು. ಎರಡು ವರ್ಷದ ಪ್ರಮಾಣಪತ್ರ, 26ರ ಗುರುವಾರ ಸಂಜೆಗೆ ಮುಗಿದಿತ್ತು.

ಶನಿವಾರದ ಚರ್ಚೆ

ಮರುದಿನ ಬೆಳಿಗ್ಗೆ ಅವರ ಕಚೇರಿಯಲ್ಲಿ ನಾವು ನಾಲ್ವರು ಕೂತೆವು: ಇಬ್ಬರು ಪಾರ್ಟ್ನರ್‌ಗಳು, ಕಂಪನಿಯ ಅಕೌಂಟ್ಸ್ ಮ್ಯಾನೇಜರ್ ಮತ್ತು ನಾನು. ಮುಂದೇನು ಎಂಬುದಕ್ಕೆ ಹಲವು ಸಲಹೆ ಬಂದವು. ಕೆಲವನ್ನು ಅಲ್ಲಿಯೇ ಕೈಬಿಟ್ಟೆವು. ಆದರೂ ಅವನ್ನು ಬರೆಯುತ್ತೇನೆ, ಏಕೆಂದರೆ ಗಡುವು ತಲೆಯ ಮೇಲಿರುವಾಗ ಎಲ್ಲ ಕಚೇರಿಗಳಲ್ಲೂ ಮೊದಲು ಇವೇ ಹೊಳೆಯುತ್ತವೆ.

ಕಂಪ್ಯೂಟರಿನ ದಿನಾಂಕವನ್ನು ಹಿಂದಕ್ಕೆ ತಿರುಗಿಸುವುದು ಒಂದು. ಇದು ನಡೆಯುವುದಿಲ್ಲ, ಪೋರ್ಟಲ್ ನೋಡುವುದು ತನ್ನ ಗಡಿಯಾರವನ್ನು. ನಡೆಯುವಂತಿದ್ದರೂ ವೃತ್ತಿಯಲ್ಲಿರುವವರು ಮಾಡಬಾರದ ಕೆಲಸ ಅದು. ಇನ್ನೊಂದು, ಕಿರಿಯ ಪಾರ್ಟ್ನರ್ ಅವರ ಟೋಕನ್ ಬಳಸಿ ಹಿರಿಯರ ಖಾತೆಯಿಂದ ಸಹಿ ಹಾಕುವುದು. ಪ್ಯಾನ್ ಹೊಂದದ ಕಾರಣ ಪೋರ್ಟಲ್ ಅದನ್ನು ತಿರಸ್ಕರಿಸುತ್ತದೆ.

ಕಾಗದದ ಪ್ರತಿಯನ್ನು ಸೋಮವಾರ ತೆರಿಗೆ ಕಚೇರಿಯಲ್ಲಿ ಕೊಟ್ಟು ಮುದ್ರೆ ಹಾಕಿಸಿಕೊಂಡರೆ ಆಗದೇ ಎಂದು ಅಕೌಂಟ್ಸ್ ಮ್ಯಾನೇಜರ್ ಕೇಳಿದರು. ಅವರ ಅನುಭವದಲ್ಲಿ ಹಿಂದೆ ಹಾಗೆ ನಡೆಯುತ್ತಿತ್ತು. ಈಗ ನಿಯಮದ ಪ್ರಕಾರ ಈ ವರದಿಯನ್ನು ವಿದ್ಯುನ್ಮಾನ ರೂಪದಲ್ಲೇ ಸಲ್ಲಿಸಬೇಕು. ಕಾಗದ ಕೊಟ್ಟರೆ ಸಲ್ಲಿಕೆ ಎನ್ನಿಸುವುದಿಲ್ಲ. ಗಡುವಿನೊಳಗೆ ವರದಿ ಸಿದ್ಧವಾಗಿತ್ತು, ತಡೆದದ್ದು ಇಂಥ ಕಾರಣ ಎಂಬುದಕ್ಕೆ ಒಂದು ಪುರಾವೆಯಾಗಿ ಅದು ಉಳಿಯಬಹುದು, ಅಷ್ಟೇ.

ಆ ಪುರಾವೆಗೂ ಬೆಲೆ ಇದೆ. ವರದಿ ತಡವಾದರೆ ಆಗ ಅದೇ ಕಾಯ್ದೆಯ 271ಬಿ ಕಲಮಿನಡಿ ವಹಿವಾಟಿನ ಶೇಕಡಾ ಅರ್ಧದಷ್ಟು ಅಥವಾ 1,50,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟು ದಂಡ. 18 ಕೋಟಿಗೆ ಶೇಕಡಾ ಅರ್ಧ ಎಂದರೆ 9 ಲಕ್ಷ, ಹಾಗಾಗಿ ಈ ಕಂಪನಿಗೆ ಬರಬಹುದಾಗಿದ್ದು ಒಂದೂವರೆ ಲಕ್ಷ. ತಡಕ್ಕೆ ಸಕಾರಣವಿದ್ದರೆ 273ಬಿ ಕಲಮಿನಡಿ ದಂಡ ಬೇಡ ಎಂದು ವಾದಿಸಬಹುದಿತ್ತು. ಆದರೆ ಅವಧಿ ಮುಗಿದ ಡಿಎಸ್‌ಸಿ ದುರ್ಬಲ ಕಾರಣ ಎಂದೇ ನನ್ನ ಅಭಿಪ್ರಾಯ. ಪೋರ್ಟಲ್ ಕೆಟ್ಟು ನಿಂತರೆ ಯಾರ ಕೈಯಲ್ಲೂ ಇಲ್ಲ. ಪ್ರಮಾಣಪತ್ರ ಮುಗಿಯುವ ದಿನವಾದರೋ ಅದನ್ನು ಕೊಂಡ ದಿನವೇ ಗೊತ್ತಿರುತ್ತದೆ. ಅದೂ ಅಲ್ಲದೆ ತಪ್ಪು ಆಡಿಟರದ್ದಾದರೂ ದಂಡದ ನೋಟಿಸ್ ಬರುವುದು ಕಂಪನಿಗೆ. ಹಾಗಾಗಿ ಈ ವಾದವನ್ನು ನೆಚ್ಚಿಕೊಳ್ಳದೆ, ದೋಷದ ತೆರೆಯ ಚಿತ್ರ, ಹೊಸ ಡಿಎಸ್‌ಸಿ ಅರ್ಜಿಯ ಸಂಖ್ಯೆ ಎಲ್ಲವನ್ನೂ ದಿನಾಂಕ ಸಮೇತ ಒಂದು ಕಡತದಲ್ಲಿ ಇಡುತ್ತಾ ಹೋಗೋಣ ಎಂದೆ.

ಗಡುವು ಹೇಗೂ ಮುಂದೆ ಹೋಗುತ್ತದೆ ಎಂಬ ಮಾತೂ ಬಂತು. ಆ ದಿನ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಅದೇ ಸುದ್ದಿ. ಆದೇಶ ಕೈಗೆ ಬರುವ ತನಕ ಗಡುವು 30 ಎಂದೇ ಇಟ್ಟುಕೊಂಡು ಕೆಲಸ ಮಾಡುವುದೆಂದು ತೀರ್ಮಾನವಾಯಿತು.

ಕೊನೆಗೆ ಎರಡು ದಾರಿ ಉಳಿದವು: ಹಿರಿಯರಿಗೆ ಹೊಸ ಡಿಎಸ್‌ಸಿ ಮಾಡಿಸುವುದು, ಇಲ್ಲವೇ ಕಿರಿಯ ಪಾರ್ಟ್ನರ್ ತಾವೇ ತೆರಿಗೆ ಆಡಿಟ್ ವರದಿಗೆ ಸಹಿ ಹಾಕುವುದು.

ಇನ್ನೊಬ್ಬ ಪಾರ್ಟ್ನರ್ ಸಹಿ: ಆಗುತ್ತದೆ, ಆದರೆ

ಕಾನೂನಿನಲ್ಲಿ ಇದಕ್ಕೆ ಅಡ್ಡಿಯಿಲ್ಲ. ತೆರಿಗೆ ಆಡಿಟ್ ಮಾಡುವವರು ಕಂಪನಿಯ ಶಾಸನಬದ್ಧ ಆಡಿಟರೇ ಆಗಿರಬೇಕೆಂದಿಲ್ಲ. ವೃತ್ತಿಯಲ್ಲಿರುವ ಬೇರೆ ಲೆಕ್ಕಪರಿಶೋಧಕರೂ ಮಾಡಬಹುದು. ಅಂದ ಮೇಲೆ ಅದೇ ಸಂಸ್ಥೆಯ ಇನ್ನೊಬ್ಬ ಪಾರ್ಟ್ನರ್ ಖಂಡಿತ ಮಾಡಬಹುದು.

ಆದರೆ ಪೋರ್ಟಲ್‌ಗೆ ಸಂಸ್ಥೆ ಮುಖ್ಯವಲ್ಲ, ವ್ಯಕ್ತಿ ಮುಖ್ಯ. ಕಂಪನಿ ತನ್ನ ಖಾತೆಯಿಂದ ಮೇಡಂ ಅವರ ಸದಸ್ಯತ್ವ ಸಂಖ್ಯೆಗೆ ನಮೂನೆಯನ್ನು ಹೊಸದಾಗಿ ನೇಮಿಸಬೇಕು. ಜೇಸನ್ ಕಡತದಲ್ಲಿ ಆಡಿಟರ್ ವಿವರ ಬದಲಿಸಿ ಮತ್ತೆ ತಯಾರಿಸಬೇಕು. ಯುಡಿಐಎನ್ ಸಹಿ ಹಾಕುವವರ ಸದಸ್ಯತ್ವಕ್ಕೆ ಅಂಟಿಕೊಂಡಿರುವುದರಿಂದ ಹಿರಿಯರು ಪಡೆದದ್ದನ್ನು ಕಾರಣ ಕೊಟ್ಟು ರದ್ದು ಮಾಡಿ, ಇವರು ತಮ್ಮ ಹೆಸರಿನಲ್ಲಿ ಹೊಸದನ್ನು ಪಡೆಯಬೇಕು. ಒಬ್ಬ ಲೆಕ್ಕಪರಿಶೋಧಕ ಒಂದು ವರ್ಷಕ್ಕೆ ಒಪ್ಪಿಕೊಳ್ಳಬಹುದಾದ ತೆರಿಗೆ ಆಡಿಟ್‌ಗಳ ಮಿತಿ 60. ಅದರಲ್ಲಿ ಅವರ ಲೆಕ್ಕ ಎಷ್ಟಾಗಿದೆ ಎಂದೂ ನೋಡಬೇಕು.

ಇದೆಲ್ಲ ಒಂದೆರಡು ಗಂಟೆಯ ಕೆಲಸ. ಮುಖ್ಯ ಪ್ರಶ್ನೆಯನ್ನು ಮೇಡಂ ಅವರೇ ಎತ್ತಿದರು: "ಸರ್, ಈ ಫೈಲ್ ನಾನು ನೋಡೇ ಇಲ್ಲ. 3ಸಿಡಿಯಲ್ಲಿರೋ ಅಷ್ಟೂ ವಿಷಯಕ್ಕೆ ನಾನು ಸಹಿ ಹಾಕ್ಬೇಕು ಅಂದ್ರೆ ವರ್ಕಿಂಗ್ ಪೇಪರ್ ಓದ್ಬೇಕು. ಬರೀ ಟೋಕನ್ ಚಾಲ್ತೀಲಿದೆ ಅಂತ ಸಹಿ ಹಾಕೋಕಾಗಲ್ಲ." ಆ ಕೋಣೆಯಲ್ಲಿ ಆ ದಿನ ಬಂದ ಅತ್ಯಂತ ತೂಕದ ಮಾತು ಅದೇ. 3ಸಿಡಿ ಎಂದರೆ ಮೂಲದಲ್ಲಿ ತೆರಿಗೆ ಕಡಿತ, ನಗದು ವ್ಯವಹಾರ, ಸವಕಳಿ, ಬಾಕಿ ಉಳಿದ ಶಾಸನಬದ್ಧ ಪಾವತಿಗಳು, ಹೀಗೆ ಉದ್ದದ ಪಟ್ಟಿ. ಪ್ರತಿಯೊಂದಕ್ಕೂ ಸಹಿ ಹಾಕಿದವರೇ ಹೊಣೆ.

ಹಾಗಾಗಿ ಎರಡೂ ದಾರಿಯಲ್ಲಿ ಒಟ್ಟಿಗೆ ಹೊರಟೆವು. ಹೊಸ ಡಿಎಸ್‌ಸಿಗೆ ತಕ್ಷಣ ಅರ್ಜಿ. ಅದೇ ಹೊತ್ತಿಗೆ ಮೇಡಂ ಶನಿವಾರ, ಭಾನುವಾರ ಕೂತು ಫೈಲನ್ನು ನಿಜವಾಗಿಯೂ ಪರಿಶೀಲಿಸುವುದು. ಭಾನುವಾರ ರಾತ್ರಿ ಎಂಟರೊಳಗೆ ಹೊಸ ಪ್ರಮಾಣಪತ್ರ ಟೋಕನ್‌ಗೆ ಇಳಿಯದಿದ್ದರೆ ಹಳೆಯ ಯುಡಿಐಎನ್ ರದ್ದು ಮಾಡಿ ಮೇಡಂ ಹೆಸರಿನಲ್ಲಿ ಮುಂದುವರಿಯುವುದು. ಆ ಗಂಟೆಗೆ ಮೊದಲು ಯುಡಿಐಎನ್ ಮುಟ್ಟಬಾರದು ಎಂದು ಒತ್ತಿ ಹೇಳಿದೆ. ಅವಸರದಲ್ಲಿ ಅದನ್ನು ರದ್ದು ಮಾಡಿ, ಹತ್ತು ನಿಮಿಷದಲ್ಲಿ ಹೊಸ ಡಿಎಸ್‌ಸಿ ಬಂದರೆ ಮೊದಲ ದಾರಿಯನ್ನು ನಾವೇ ಮುಚ್ಚಿಕೊಂಡಂತಾಗುತ್ತಿತ್ತು.

ಹೊಸ ಡಿಎಸ್‌ಸಿಗೆ ಅಡ್ಡ ಬಂದ ಇನಿಷಿಯಲ್

ರಿನ್ಯೂವಲ್ ಎಂದು ನಾವೆಲ್ಲ ಕರೆಯುತ್ತೇವೆ. ಆದರೆ ಅಲ್ಲಿ ಹಳೆಯದರ ಅವಧಿ ಉದ್ದವಾಗುವುದಿಲ್ಲ, ಹೊಸ ಕೀಲಿ ಮತ್ತು ಹೊಸ ಕ್ರಮಸಂಖ್ಯೆಯ ಇನ್ನೊಂದು ಪ್ರಮಾಣಪತ್ರವೇ ಹುಟ್ಟುತ್ತದೆ. 2021ರ ಜನವರಿಯಿಂದ ಕ್ಲಾಸ್ 2 ನಿಂತಿದೆ, ಈಗ ಕೊಡುವುದು ಕ್ಲಾಸ್ 3 ಮಾತ್ರ. ಅರ್ಜಿ, ಗುರುತಿನ ಪರಿಶೀಲನೆ, ಕ್ಯಾಮೆರಾ ಮುಂದೆ ಕೂತು ಮಾಡುವ ವಿಡಿಯೊ ದೃಢೀಕರಣ, ಆಮೇಲೆ ಟೋಕನ್‌ಗೆ ಇಳಿಸಿಕೊಳ್ಳುವುದು. ಎಲ್ಲ ಸರಿಯಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತದೆ.

ನಮಗೆ ಸರಿಯಿರಲಿಲ್ಲ. ಹಿರಿಯರ ಆಧಾರ್‌ನಲ್ಲಿ ಹೆಸರಿನ ಮುಂದೆ ಒಂದು ಇನಿಷಿಯಲ್ ಇತ್ತು. ಪ್ಯಾನ್‌ನಲ್ಲಿ ಆ ಇನಿಷಿಯಲ್ ಹಿಗ್ಗಿ ತಂದೆಯ ಪೂರ್ತಿ ಹೆಸರಾಗಿ ಕೊನೆಗೆ ಕೂತಿತ್ತು. ನಮ್ಮ ಕಡೆ ಅರ್ಧಕ್ಕರ್ಧ ಜನರ ದಾಖಲೆ ಹೀಗೇ ಇರುತ್ತದೆ. ಆಧಾರ್ ಆಧರಿಸಿ ಹಾಕಿದ ಅರ್ಜಿ ಹೆಸರು ಹೊಂದುತ್ತಿಲ್ಲ ಎಂದು ಶನಿವಾರ ಸಂಜೆ ವಾಪಸ್ ಬಂತು. ತೆರಿಗೆ ಪೋರ್ಟಲ್‌ಗೆ ಬೇಕಾಗುವುದು ಪ್ಯಾನ್. ಆದ್ದರಿಂದ ಪ್ಯಾನ್ ಆಧರಿಸಿದ ಪರಿಶೀಲನೆ ಆರಿಸಿಕೊಂಡು, ಪ್ಯಾನ್‌ನಲ್ಲಿ ಇರುವಂತೆಯೇ ಹೆಸರು ಬರೆದು ಹೊಸ ಅರ್ಜಿ ಹಾಕಿದರು. ವಿಡಿಯೊದಲ್ಲಿ ಮೂಲ ಕಾರ್ಡ್ ತೋರಿಸಿದರು. ಭಾನುವಾರ ಮಧ್ಯಾಹ್ನ ಅನುಮತಿ ಬಂತು.

ಪ್ರಮಾಣಪತ್ರ ಟೋಕನ್‌ಗೆ ಇಳಿಯಿತು. ಇಷ್ಟಾದರೂ ಏರಿಸಲು ಹೋದರೆ ಮತ್ತೆ ದೋಷ! ಎರಡು ಕಾರಣವಿದ್ದವು. ಹೊಸ ಪ್ರಮಾಣಪತ್ರವನ್ನು ಅವರ ಖಾತೆಯ Register DSC ಭಾಗದಲ್ಲಿ ನೋಂದಾಯಿಸಿರಲಿಲ್ಲ. ಪೋರ್ಟಲ್‌ಗೆ ಗೊತ್ತಿದ್ದದ್ದು ಹಳೆಯದು ಮಾತ್ರ. ಜೊತೆಗೆ ಟೋಕನ್‌ನಲ್ಲಿ ಹಳೆಯದೂ ಉಳಿದಿತ್ತು, ಪಟ್ಟಿಯಲ್ಲಿ ಅದೇ ಹೆಸರು ಎರಡು ಸಲ ಕಾಣುತ್ತಿತ್ತು, ಹುಡುಗ ಮೇಲಿನದನ್ನು ಆರಿಸಿದ್ದ. ಟೋಕನ್‌ನ ತಂತ್ರಾಂಶದಲ್ಲಿ ಕ್ರಮಸಂಖ್ಯೆ ಮತ್ತು ಅವಧಿ ನೋಡಿ ಯಾವುದು ಹೊಸದೆಂದು ಗುರುತಿಸಿ, ಅದನ್ನು ನೋಂದಾಯಿಸಿ, ಮತ್ತೆ ಸಹಿ ಹಾಕಿದಾಗ ಕಡತ ಏರಿತು. ಭಾನುವಾರ ಸಂಜೆ ಏಳರ ಹೊತ್ತಿಗೆ ಸ್ವೀಕೃತಿ ಸಂಖ್ಯೆ ಬಂತು. 25ರ ಯುಡಿಐಎನ್ ಹಾಗೆಯೇ ಉಳಿಯಿತು.

ಮೇಡಂ ಅಷ್ಟರಲ್ಲಿ ಫೈಲಿನ ಮುಕ್ಕಾಲು ಓದಿ ಮುಗಿಸಿದ್ದರು. ಓದುವಾಗ ಸಾಲದ ಮರುಪಾವತಿಯ ಒಂದು ನಮೂದಿನಲ್ಲಿ ಅಂಕಿ ಅದಲುಬದಲಾದದ್ದನ್ನು ಹಿಡಿದಿದ್ದರು. ಹಿರಿಯರು ಏರಿಸುವ ಮೊದಲು ಅದನ್ನು ಸರಿಪಡಿಸಿದರು. ಎರಡನೆಯ ದಾರಿಗೆಂದು ಮಾಡಿದ ಕೆಲಸ ಮೊದಲ ದಾರಿಗೂ ಒದಗಿತು.

ಗಡುವು ಮುಂದೆ ಹೋದ ಸಂಜೆ

ಅದೇ ಭಾನುವಾರ, ಸೆಪ್ಟೆಂಬರ್ 29ರಂದು, ಕೇಂದ್ರ ನೇರ ತೆರಿಗೆ ಮಂಡಳಿ ಸುತ್ತೋಲೆ 10/2024 ಹೊರಡಿಸಿ ವರದಿಯ ಗಡುವನ್ನು ಅಕ್ಟೋಬರ್ 7ಕ್ಕೆ ಮುಂದೂಡಿತು. ಅಕೌಂಟ್ಸ್ ಮ್ಯಾನೇಜರ್ ಫೋನ್ ಮಾಡಿದರು: "ಸರ್, ಎಂ.ಡಿ. ಸಾಹೇಬ್ರು ನಾಳೆ ಫ್ಯಾಕ್ಟರಿಯಲ್ಲಿ ಬಿಜಿ. ಒಪ್ಪಿಗೆ ಶುಕ್ರವಾರ ಕೊಟ್ರಾಯ್ತಲ್ಲ?"

ಈ ಪ್ರಕರಣದ ನಿಜವಾದ ತಿರುವು ಇಲ್ಲಿದೆ. ಇನ್ನೊಂದು ಟೋಕನ್ ನೋಡಿಯೇ ಇಲ್ಲವಲ್ಲ ಎಂದು ನನಗೆ ಹೊಳೆದು, ಎಂ.ಡಿ. ಅವರ ಪ್ರಮಾಣಪತ್ರದ ಕೊನೆಯ ದಿನ ಓದಿ ಹೇಳಿ ಎಂದು ಕೇಳಿದೆ. ಅಕ್ಟೋಬರ್ 2. ಶುಕ್ರವಾರ ಎಂದರೆ ಅಕ್ಟೋಬರ್ 4. ಮುಂದೂಡಿದ ಗಡುವಿನ ನೆಮ್ಮದಿಯಲ್ಲಿ ಕಾದಿದ್ದರೆ ಆಡಿಟರ್ ಏರಿಸಿದ ವರದಿ ಕಂಪನಿಯ Worklist ನಲ್ಲಿ ಸಿಕ್ಕಿಬಿದ್ದು, ಅದೇ ಕಥೆ ಇನ್ನೊಬ್ಬರ ಟೋಕನ್‌ನೊಂದಿಗೆ ಮರುಕಳಿಸುತ್ತಿತ್ತು. ಸೋಮವಾರ ಬೆಳಿಗ್ಗೆ ಎಂ.ಡಿ. ವರದಿಯ ಪಿಡಿಎಫ್ ಓದಿ ಒಪ್ಪಿಗೆ ಕೊಟ್ಟು ಸಹಿ ಹಾಕಿದರು. ಮೂಲ ಗಡುವಿನೊಳಗೇ ಸಲ್ಲಿಕೆ ಪೂರ್ಣವಾಯಿತು.

ಅವರ ಡಿಎಸ್‌ಸಿ ಮುಗಿದೇ ಹೋಗಿದ್ದರೆ ಕಂಪನಿಗೆ ಇದ್ದ ಪರ್ಯಾಯವನ್ನೂ ಹೇಳಬೇಕು. ಇನ್ನೊಬ್ಬ ನಿರ್ದೇಶಕರಿದ್ದು, ಅವರ ಡಿಎಸ್‌ಸಿ ಚಾಲ್ತಿಯಲ್ಲಿದ್ದರೆ, ನಿರ್ದೇಶಕ ಮಂಡಳಿಯ ಒಪ್ಪಿಗೆ ಪಡೆದು ಕಂಪನಿಯ ಖಾತೆಯ ಪ್ರೊಫೈಲ್‌ನಲ್ಲಿ ಅವರನ್ನು ಪ್ರಧಾನ ಸಂಪರ್ಕ ವ್ಯಕ್ತಿಯಾಗಿ ಬದಲಿಸಬಹುದು. ಹೊಸಬರ ಡಿಎಸ್‌ಸಿ ಮೊದಲು ಅವರ ಸ್ವಂತ ತೆರಿಗೆ ಖಾತೆಯಲ್ಲಿ ನೋಂದಣಿಯಾಗಿರಬೇಕು, ಆಮೇಲೆ ಕಂಪನಿಯ ಖಾತೆಯಲ್ಲಿ. ಈ ಕ್ರಮ ತಪ್ಪಿದರೆ ಚಾಲ್ತಿಯಲ್ಲಿರುವ ಡಿಎಸ್‌ಸಿಯೂ ನಡೆಯುವುದಿಲ್ಲ. ಎಂ.ಡಿ. ಇರುವಾಗ ರಿಟರ್ನ್‌ಗೆ ಬೇರೆ ನಿರ್ದೇಶಕರು ಸಹಿ ಹಾಕಲು 1961ರ ಕಾಯ್ದೆಯ 140ನೇ ಕಲಮಿನ ಪ್ರಕಾರ ಅನಿವಾರ್ಯ ಕಾರಣ ಬೇಕಿತ್ತು, ಆದ್ದರಿಂದ ರಿಟರ್ನ್ ವಿಷಯದಲ್ಲಿ ಈ ದಾರಿ ಹಿಡಿಯುವ ಮುನ್ನ ಕಾರಣವನ್ನು ಬರೆದಿಡುವುದು ಒಳ್ಳೆಯದು.

ಆಮೇಲೆ ಬದಲಾದದ್ದು

ಅಕ್ಟೋಬರ್ ಮೊದಲ ವಾರ ಎಂ.ಡಿ. ಅವರಿಗೂ ಹೊಸ ಡಿಎಸ್‌ಸಿ ಆಯಿತು. ಆಡಿಟರದ್ದನ್ನು ಒಂದು ಕಡೆ ನೋಂದಾಯಿಸಿದ್ದರೆ ಸಾಕಿತ್ತು, ಇವರದ್ದು ಹಲವು ಕಡೆ: ಸ್ವಂತ ತೆರಿಗೆ ಖಾತೆ, ಕಂಪನಿಯ ತೆರಿಗೆ ಖಾತೆ, ಜಿಎಸ್‌ಟಿ ಪೋರ್ಟಲ್, ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್. ವಾರ್ಷಿಕ ಸಭೆ ಸೆಪ್ಟೆಂಬರ್ 30ಕ್ಕೆ ನಡೆದಿದ್ದರಿಂದ ಹಣಕಾಸು ಪಟ್ಟಿಗಳನ್ನು ಆ ಸಚಿವಾಲಯಕ್ಕೆ ಸಲ್ಲಿಸುವ ಎಒಸಿ–4 ನಮೂನೆಗೆ 30 ದಿನ ಮಾತ್ರ ಇತ್ತು, ಅದಕ್ಕೂ ನಿರ್ದೇಶಕರ ಸಹಿ ಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಎಲ್ಲೆಲ್ಲಿ ನೋಂದಾಯಿಸಬೇಕೆಂದು ಅಕೌಂಟ್ಸ್ ಮ್ಯಾನೇಜರ್ ಒಂದು ಹಾಳೆಯಲ್ಲಿ ಬರೆದುಕೊಂಡು ಒಂದೇ ಸಲ ಕೂತು ಮುಗಿಸಿದರು.

ಇನ್ನೊಂದು ಬದಲಾವಣೆಗೆ ನಾನು ಹಠ ಹಿಡಿದೆ. ಎಂ.ಡಿ. ಅವರ ಟೋಕನ್ ವರ್ಷಗಳಿಂದ ಅಕೌಂಟ್ಸ್ ವಿಭಾಗದ ಡ್ರಾಯರ್‌ನಲ್ಲಿ, ಪಿನ್ ಬರೆದ ಚೀಟಿ ಸಮೇತ ಇರುತ್ತಿತ್ತು. ಪ್ರಮಾಣಪತ್ರ ಮುಗಿಯುವ ದಿನ ಅದರ ಒಡೆಯರಿಗೇ ತಿಳಿಯದಿದ್ದುದಕ್ಕೆ ಇದೇ ಮೂಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಂ ಈ ಕೀಲಿಯನ್ನು ತನ್ನ ಹತೋಟಿಯಲ್ಲಿ ಇಟ್ಟುಕೊಳ್ಳುವ ಹೊಣೆಯನ್ನು ಪ್ರಮಾಣಪತ್ರ ಯಾರ ಹೆಸರಿನಲ್ಲಿದೆಯೋ ಅವರ ಮೇಲೆಯೇ ಹೊರಿಸಿದೆ. ಎಂ.ಡಿ. ಮೊದಲು ಒಪ್ಪಲಿಲ್ಲ, ಪ್ರತಿ ತಿಂಗಳು ಜಿಎಸ್‌ಟಿಗೆ ತಮ್ಮನ್ನು ಹುಡುಕಿಕೊಂಡು ಬರಬೇಕಾಗುತ್ತದೆ ಎಂದರು. ನಿಮ್ಮ ಸಹಿ ಬಿದ್ದ ಪ್ರತಿ ನಮೂನೆಗೂ ನೀವೇ ಹೊಣೆ, ನೀವು ನೋಡದೆ ಅದು ಹೋಗಬಾರದು ಎಂದು ನಾನು ಹೇಳಿದ ಮೇಲೆ ಟೋಕನ್ ತಮ್ಮ ಬಳಿ ಇಟ್ಟುಕೊಂಡು ಪಿನ್ ಬದಲಿಸಿದರು. ಆಡಿಟ್ ಸಂಸ್ಥೆ ಈಗ ಇಬ್ಬರು ಪಾರ್ಟ್ನರ್‌ಗಳ ಮತ್ತು ಎಲ್ಲ ಕಂಪನಿ ಗ್ರಾಹಕರ ಡಿಎಸ್‌ಸಿ ಕೊನೆಯ ದಿನಾಂಕಗಳನ್ನು ಜುಲೈ ತಿಂಗಳಲ್ಲೇ ಕೇಳಿ ಬರೆದಿಟ್ಟುಕೊಳ್ಳುತ್ತದೆ. ನವೆಂಬರ್ ಅಂತ್ಯದೊಳಗೆ ಮುಗಿಯುವುದಿದ್ದರೆ ಆಗಸ್ಟ್‌ನಲ್ಲೇ ಹೊಸದು ಮಾಡಿಸಲು ಹೇಳುತ್ತದೆ, ಇನಿಷಿಯಲ್ ತಕರಾರಿದ್ದರೂ ಅದನ್ನು ಬಿಡಿಸಲು ಆಗ ಸಮಯವಿರುತ್ತದೆ.